ಶಾಲೆಯ ಲಾಟರಿ, ಮಗುವಿನ ಲಾಟರಿ

ಕನ್ನಡದಲ್ಲಿ ‘ಮಾದರಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಅನುಕರಿಸಲು ಯೋಗ್ಯವಾದದ್ದು ಎಂಬುದು ಒಂದು. ಇಡೀ ರಾಶಿಯ ಗುಣವನ್ನು ಅಂದಾಜು ಮಾಡಲು ಅದರಿಂದ ತೆಗೆದ ಹಿಡಿಕಾಳು ಎಂಬುದು ಇನ್ನೊಂದು. ನಮ್ಮ ಹೋಬಳಿ, ತಾಲ್ಲೂಕು ಕೇಂದ್ರಗಳಲ್ಲಿ ‘ಸರ್ಕಾರಿ ಮಾದರಿ ಹಿರಿಯ ಪ್ರಾಥಮಿಕ ಶಾಲೆ’ ಎಂಬ ಫಲಕ ಕಾಣುತ್ತದೆ. ಅಲ್ಲಿರುವುದು ಮೊದಲನೆಯ ಅರ್ಥ. ಶಿಕ್ಷಣ ಸಮೀಕ್ಷೆಗೆ ಬೇಕಾದದ್ದು ಎರಡನೆಯದು. ಈ ಎರಡು ಅರ್ಥಗಳು ಕಲಸಿಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಕ್ಕಳ ಓದಿನ ಮಟ್ಟ ತಿಳಿಯಲು ಒಂದು ತಾಲ್ಲೂಕಿನಿಂದ ಹತ್ತು ಶಾಲೆ ಆರಿಸಿಕೊಡಿ ಎಂದು ಕೇಳಿದಾಗ ಬಂದ ಪಟ್ಟಿಯಲ್ಲಿದ್ದ ಹತ್ತೂ ಶಾಲೆಗಳು ಬಸ್ಸು ಹೋಗುವ ಊರಿನವು, ಮುಖ್ಯ ಶಿಕ್ಷಕರು ಚುರುಕಾಗಿರುವಂಥವು. ಪಟ್ಟಿ ಮಾಡಿದವರು ಮೋಸ ಮಾಡಿರಲಿಲ್ಲ. ಮಾದರಿ ಎಂದರೆ ತೋರಿಸುವಂಥದ್ದು ಎಂದು ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಗೊಂದಲ ಬೇಡವೆಂದು ಈ ಅಧ್ಯಾಯದಲ್ಲಿ ನಾನು ‘ಸ್ಯಾಂಪಲ್’ ಎಂದೇ ಬರೆಯುತ್ತೇನೆ.

ಇಂಥ ಪಟ್ಟಿಯ ದೋಷ ಯಾರಿಗೂ ಸುಲಭವಾಗಿ ಅರ್ಥವಾಗುತ್ತದೆ. ಹಾಗಾದರೆ ಎಲ್ಲ ಶಾಲೆಗಳ ಹೆಸರನ್ನೂ ಚೀಟಿಯಲ್ಲಿ ಬರೆದು, ಡಬ್ಬಿಯಲ್ಲಿ ಹಾಕಿ, ಕಣ್ಣುಮುಚ್ಚಿ ಹತ್ತು ಚೀಟಿ ಎತ್ತಿದರೆ ಸಾಕಲ್ಲವೇ? ಪಕ್ಷಪಾತ ಹೋಯಿತು, ನ್ಯಾಯವಾಯಿತು ಅನ್ನಿಸುತ್ತದೆ. ಶಾಲೆಗಳ ಮಟ್ಟಿಗೆ ಅದು ನ್ಯಾಯವೇ. ಆದರೆ ನಾವು ಅಳೆಯಹೊರಟಿರುವುದು ಮಕ್ಕಳ ಓದನ್ನು.

ಒಂದು ಸಣ್ಣ ಲೆಕ್ಕ ಹಾಕೋಣ. ಊರುಗಳು ಕಾಲ್ಪನಿಕ, ಆದರೆ ನಮ್ಮ ತಾಲ್ಲೂಕುಗಳನ್ನು ಬಲ್ಲವರಿಗೆ ಚಿತ್ರ ಪರಿಚಿತವೇ. ಹತ್ತು ಶಾಲೆಗಳು, ಐದನೇ ತರಗತಿಯ ಒಟ್ಟು 300 ಮಕ್ಕಳು. ಕೊನೆಯ ಕಂಬಸಾಲಿನಲ್ಲಿ ಮೇಲಿನಿಂದ ಕೂಡಿಸುತ್ತ ಬಂದ ಮೊತ್ತವಿದೆ. ಅದರ ಉಪಯೋಗ ಮುಂದೆ ಬರುತ್ತದೆ.

| ಶಾಲೆ | ಮಕ್ಕಳು | ಕೂಡಿಸಿದ ಮೊತ್ತ |
|---|---|---|
| ಕೊಪ್ಪಲು | 6 | 6 |
| ತಾಂಡಾ | 9 | 15 |
| ಕಾಲೊನಿ | 12 | 27 |
| ಗೊಲ್ಲರಹಟ್ಟಿ | 8 | 35 |
| ಪೇಟೆ | 110 | 145 |
| ಹೊಸೂರು | 15 | 160 |
| ಕಾವಲು | 7 | 167 |
| ಹೋಬಳಿ | 60 | 227 |
| ಸಂತೆಮಾಳ | 48 | 275 |
| ಕೆರೆಕೋಡಿ | 25 | 300 |

ಕೊಪ್ಪಲು, ತಾಂಡಾ, ಕಾಲೊನಿ, ಗೊಲ್ಲರಹಟ್ಟಿ, ಕಾವಲು ಈ ಐದು ಪುಟ್ಟ ಶಾಲೆಗಳು. ಶಾಲೆಗಳ ಲೆಕ್ಕದಲ್ಲಿ ಇವು ಅರ್ಧ. ಮಕ್ಕಳ ಲೆಕ್ಕದಲ್ಲಿ 300ಕ್ಕೆ 42, ಅಂದರೆ ನೂರಕ್ಕೆ 14 ಮಾತ್ರ. ಪುಟ್ಟ ಶಾಲೆಗಳಲ್ಲಿ ನೂರಕ್ಕೆ 60 ಮಕ್ಕಳು, ಉಳಿದವುಗಳಲ್ಲಿ ನೂರಕ್ಕೆ 40 ಮಕ್ಕಳು ಒಂದು ಪುಟದ ಕಥೆಯನ್ನು ತಡೆಯಿಲ್ಲದೆ ಓದುತ್ತಾರೆ ಎಂದಿಟ್ಟುಕೊಳ್ಳಿ. ಇಡೀ ಗುಂಪಿನಲ್ಲಿ ಓದಬಲ್ಲವರು ನೂರಕ್ಕೆ 43ರ ಹತ್ತಿರ. ಆದರೆ ಡಬ್ಬಿಯಿಂದ ಶಾಲೆಗಳ ಚೀಟಿ ಎತ್ತಿ, ಬಂದ ಶಾಲೆಗಳ ಸರಾಸರಿಗಳನ್ನು ಮತ್ತೆ ಸರಾಸರಿ ಮಾಡಿದರೆ, ಎಷ್ಟು ಸಲ ಎತ್ತಿದರೂ ಉತ್ತರ 50ರ ಸುತ್ತಲೇ ಸುಳಿಯುತ್ತದೆ. ಚೀಟಿಗಳ ಸಂಖ್ಯೆ ಹೆಚ್ಚಿಸಿದರೆ ತಪ್ಪು ಕಡಿಮೆಯಾಗುವುದಿಲ್ಲ. ತಪ್ಪು ಉತ್ತರದ ಮೇಲಿನ ನಂಬಿಕೆ ಮಾತ್ರ ಹೆಚ್ಚುತ್ತದೆ. ಕೊಪ್ಪಲಿನ ಆರು ಮಕ್ಕಳ ಮಾತಿಗೂ ಪೇಟೆಯ ನೂರಹತ್ತು ಮಕ್ಕಳ ಮಾತಿಗೂ ಒಂದೇ ಬೆಲೆ ಕಟ್ಟಿದ್ದರ ಫಲ ಇದು.

ಇನ್ನೊಂದು ಕಡೆಯಿಂದ ನೋಡಿ. ಶಾಲೆಗೊಂದರಂತೆ ಲೆಕ್ಕ ಹಾಕಿದರೆ ಸರಾಸರಿ ತರಗತಿಯಲ್ಲಿ 30 ಮಕ್ಕಳು. ಆದರೆ 300 ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆದು ‘ನಿನ್ನ ಶಾಲೆಯ ಐದನೇ ತರಗತಿಯಲ್ಲಿ ಎಷ್ಟು ಜನ?’ ಎಂದು ಕೇಳಿದರೆ ಉತ್ತರಗಳ ಸರಾಸರಿ 64. ಎರಡೂ ನಿಜ. ಶಿಕ್ಷಣಾಧಿಕಾರಿಗೆ ಕಾಣುವ ತಾಲ್ಲೂಕು ಬೇರೆ, ಮಕ್ಕಳು ಕೂತಿರುವ ತಾಲ್ಲೂಕು ಬೇರೆ. ಸಮೀಕ್ಷೆ ಶುರುವಾಗುವ ಮೊದಲು ಪ್ರಶ್ನೆ ಯಾವುದರ ಬಗ್ಗೆ ಎಂದು ತೀರ್ಮಾನವಾಗಬೇಕು. ಎಷ್ಟು ಶಾಲೆಗಳಲ್ಲಿ ಶೌಚಾಲಯವಿದೆ ಎಂಬ ಪ್ರಶ್ನೆಗೆ ಶಾಲೆಯ ಚೀಟಿ ಸರಿ. ಎಷ್ಟು ಮಕ್ಕಳಿಗೆ ಭಾಗಾಕಾರ ಬರುತ್ತದೆ ಎಂಬುದಕ್ಕೆ ಅದು ಸಾಲದು.

ಮಕ್ಕಳ ಹೆಸರುಗಳನ್ನೇ ಡಬ್ಬಿಗೆ ಹಾಕಬಹುದಲ್ಲ? 300 ಮಕ್ಕಳಾದರೆ ಸರಿ. ಇಡೀ ಜಿಲ್ಲೆಯಲ್ಲಿ ಹಾಗೆ ಮಾಡಿದರೆ ಒಂದೊಂದು ಶಾಲೆಯಲ್ಲಿ ಒಂದೊಂದು ಮಗುವನ್ನು ಹುಡುಕಿಕೊಂಡು ಸಾವಿರ ಊರು ತಿರುಗಬೇಕಾಗುತ್ತದೆ. ಹಾಗಾಗಿ ಮೊದಲು ಶಾಲೆ, ಆಮೇಲೆ ಅದರೊಳಗೆ ಮಗು, ಹೀಗೆ ಎರಡು ಹಂತದಲ್ಲಿ ಆರಿಸುವುದು ಅನಿವಾರ್ಯ. ದೊಡ್ಡ ಶಾಲೆಗೆ ಹೆಚ್ಚು ಅವಕಾಶ, ಚಿಕ್ಕ ಶಾಲೆಗೆ ಕಡಿಮೆ. ಆದರೆ ಶಾಲೆಯೊಳಗೆ ಹೋದ ಮೇಲೆ ಎಲ್ಲೆಡೆಯೂ ಅಷ್ಟೇ ಮಕ್ಕಳು. ಗಾತ್ರಕ್ಕೆ ತಕ್ಕ ಅವಕಾಶ ಕೊಡುವ ಈ ವಿಧಾನವನ್ನು 1943ರಲ್ಲಿ ಮಾರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ ಶಾಸ್ತ್ರೀಯವಾಗಿ ರೂಪಿಸಿದರು. ಇಂದು ಅಂತರರಾಷ್ಟ್ರೀಯ ‘ಪಿಸಾ’ ಪರೀಕ್ಷೆಗೂ ‘ಟಿಮ್ಸ್’ ಅಧ್ಯಯನಕ್ಕೂ ಶಾಲೆಗಳು ಬರುವುದು ಇದೇ ದಾರಿಯಿಂದ.

ನಮ್ಮ ಪಟ್ಟಿಯಿಂದ ಮೂರು ಶಾಲೆ, ಶಾಲೆಗೆ ಹತ್ತು ಮಕ್ಕಳು ಬೇಕು ಎನ್ನೋಣ. 300ನ್ನು 3ರಿಂದ ಭಾಗಿಸಿದರೆ 100. ಇದೇ ಹೆಜ್ಜೆಯ ಉದ್ದ. 1ರಿಂದ 100ರೊಳಗೆ ಒಂದು ಸಂಖ್ಯೆಯನ್ನು ಲಾಟರಿಯಲ್ಲಿ ಎತ್ತಬೇಕು. ಅಲ್ಲಿಂದ ನೂರು ನೂರರ ಹೆಜ್ಜೆ ಹಾಕುತ್ತ, ಕಾಲು ಯಾವ ಶಾಲೆಯ ಮೇಲೆ ಬೀಳುತ್ತದೋ ಅದನ್ನು ಆರಿಸಬೇಕು. 37 ಬಂತು ಎನ್ನಿ. ಕೂಡಿಸಿದ ಮೊತ್ತದಲ್ಲಿ 36ರಿಂದ 145ರವರೆಗೆ ಪೇಟೆ ಶಾಲೆ. ಮುಂದಿನ ಹೆಜ್ಜೆ 137, ಅದೂ ಪೇಟೆಯೇ! ಒಂದೇ ಶಾಲೆ ಎರಡು ಸಲ ಬಂತು. ಕಾರಣ ಸರಳ: ಪೇಟೆ ಶಾಲೆಯ ಗಾತ್ರ 110, ಹೆಜ್ಜೆಗಿಂತ ಉದ್ದ. ಎಲ್ಲಿಂದ ಹೊರಟರೂ ಅದನ್ನು ದಾಟಿಹೋಗಲು ಸಾಧ್ಯವೇ ಇಲ್ಲ. ಇಂಥ ಶಾಲೆಯನ್ನು ಲಾಟರಿಗೆ ಬಿಡದೆ ಖಚಿತವಾಗಿ ತೆಗೆದುಕೊಂಡು ಪಟ್ಟಿಯಿಂದ ಹೊರಗಿಟ್ಟು ಲೆಕ್ಕವನ್ನು ಮತ್ತೆ ಶುರುಮಾಡಬೇಕು. ‘ಎರಡು ಸಲ ಬಂತು, ಒಂದು ಸಲ ಬಿಟ್ಟುಬಿಡೋಣ, ಪಕ್ಕದ್ದು ತೆಗೆದುಕೊಳ್ಳೋಣ’ ಎಂದು ಕೈಯಲ್ಲೇ ಸರಿಮಾಡಿದರೆ ಪಕ್ಕದ ಶಾಲೆಗೆ ಎಷ್ಟು ಅವಕಾಶವಿತ್ತು ಎಂದು ಆಮೇಲೆ ಯಾರೂ ಹೇಳಲಾರರು.

ಪೇಟೆ ಹೋದ ಮೇಲೆ ಉಳಿದವರು 190 ಮಕ್ಕಳು, ಬೇಕಾದದ್ದು ಎರಡು ಶಾಲೆ, ಹೆಜ್ಜೆ 95. ಮೊತ್ತಗಳು ಈಗ ಬದಲಾಗುತ್ತವೆ: ಗೊಲ್ಲರಹಟ್ಟಿಗೆ 35, ಹೊಸೂರಿಗೆ 50, ಕಾವಲಿಗೆ 57, ಹೋಬಳಿಗೆ 117, ಸಂತೆಮಾಳಕ್ಕೆ 165, ಕೊನೆಗೆ 190. ಲಾಟರಿಯಲ್ಲಿ 41 ಬಂತು ಎನ್ನೋಣ, ಅದು ಹೊಸೂರು. 41ಕ್ಕೆ 95 ಕೂಡಿಸಿದರೆ 136, ಅದು ಸಂತೆಮಾಳ. ಮೂರು ಶಾಲೆ ಸಿಕ್ಕಿತು.

ಈಗ ಹೊಸೂರಿನ ಒಂದು ಮಗುವಿಗೆ ಎಷ್ಟು ಅವಕಾಶವಿತ್ತು ನೋಡಿ. ಶಾಲೆ ಬರುವ ಅವಕಾಶ 95ಕ್ಕೆ 15. ಶಾಲೆ ಬಂದ ಮೇಲೆ ಮಗು ಬರುವ ಅವಕಾಶ 15ಕ್ಕೆ 10. ಗುಣಿಸಿದರೆ 15 ಹೊಡೆದುಹೋಗಿ 95ಕ್ಕೆ 10 ಉಳಿಯುತ್ತದೆ. ಸಂತೆಮಾಳದ ಮಗುವಿಗೆ 95ಕ್ಕೆ 48 ಮತ್ತು 48ಕ್ಕೆ 10. ಅಲ್ಲಿಯೂ 95ಕ್ಕೆ 10. ಶಾಲೆಯ ಗಾತ್ರ ಒಂದು ಹಂತದಲ್ಲಿ ಕೊಟ್ಟ ಲಾಭವನ್ನು ಇನ್ನೊಂದು ಹಂತದಲ್ಲಿ ಹಿಂದಕ್ಕೆ ಪಡೆಯುತ್ತದೆ. ಪೇಟೆಯ ಮಗುವಿಗೆ 110ಕ್ಕೆ 10, ಸ್ವಲ್ಪ ಕಡಿಮೆ. ಈ ವ್ಯತ್ಯಾಸವನ್ನು ‘ತೂಕ’ ಸರಿಪಡಿಸುತ್ತದೆ. ಆರಿಸಿದ ಒಂದು ಮಗು ಎಷ್ಟು ಮಕ್ಕಳ ಪರವಾಗಿ ನಿಂತಿದೆ ಎಂಬ ಸಂಖ್ಯೆಯೇ ತೂಕ, ಅಂದರೆ ಅವಕಾಶವನ್ನು ತಲೆಕೆಳಗು ಮಾಡಿದರೆ ಬರುವುದು. ಹೊಸೂರು, ಸಂತೆಮಾಳದ ಪ್ರತಿ ಮಗುವಿಗೆ 9.5, ಪೇಟೆಯ ಮಗುವಿಗೆ 11. ಮೂವತ್ತೂ ಮಕ್ಕಳ ತೂಕ ಕೂಡಿಸಿ: 95, 95, 110. ಒಟ್ಟು 300. ಶುರುವಿನಲ್ಲಿದ್ದ ಮಕ್ಕಳೆಲ್ಲ ಲೆಕ್ಕಕ್ಕೆ ಸಿಕ್ಕರು. ಪಟ್ಟಿಯಲ್ಲಿರುವ ಸಂಖ್ಯೆಗೂ ಶಾಲೆಯಲ್ಲಿ ನಿಜವಾಗಿ ಇರುವ ಮಕ್ಕಳ ಸಂಖ್ಯೆಗೂ ವ್ಯತ್ಯಾಸವಿದ್ದರೆ ಈ ಮೊತ್ತ ತುಸು ಏರಿಳಿಯಬಹುದು. ದೊಡ್ಡ ಸಮೀಕ್ಷೆಯಲ್ಲಿ ತೂಕಗಳ ಮೊತ್ತ ನಿಜವಾದ ದಾಖಲಾತಿಯಿಂದ ಬಹಳ ದೂರ ನಿಂತರೆ ಎಲ್ಲೋ ಎಡವಿದ್ದೇವೆ ಎಂದರ್ಥ. ಯಾವುದೇ ಸಮೀಕ್ಷೆಯ ದತ್ತಾಂಶ ಕೈಗೆ ಬಂದಾಗ ನಾನು ಮಾಡುವ ಮೊದಲ ಪರೀಕ್ಷೆ ಇದೇ.

ಕೂಡಿಸಿದ ಮೊತ್ತವೇ ಬೇಡದ ಒಂದು ಉಪಾಯವನ್ನು ಭಾರತೀಯ ಸಾಂಖ್ಯಿಕ ಸಂಸ್ಥೆಯ ಡಿ. ಬಿ. ಲಾಹಿರಿ 1951ರಲ್ಲಿ ಕೊಟ್ಟರು. ಒಂದು ಶಾಲೆ ಆರಿಸಬೇಕಿದ್ದರೆ 1ರಿಂದ 10ರೊಳಗೆ ಒಂದು ಸಂಖ್ಯೆ ಎತ್ತಿ. ಅದು ಶಾಲೆಯ ಕ್ರಮಸಂಖ್ಯೆ. ಆಮೇಲೆ 1ರಿಂದ 110ರೊಳಗೆ (ಅತಿ ದೊಡ್ಡ ಶಾಲೆಯ ಗಾತ್ರ) ಇನ್ನೊಂದು ಎತ್ತಿ. ಎರಡನೆಯದು ಆ ಶಾಲೆಯ ಮಕ್ಕಳ ಸಂಖ್ಯೆಯನ್ನು ಮೀರದಿದ್ದರೆ ಶಾಲೆ ಆಯಿತು. ಮೀರಿದರೆ ಎರಡನ್ನೂ ಬಿಟ್ಟು ಮತ್ತೆ ಎತ್ತಿ. ಕೊಪ್ಪಲು ದಾಟಿಬರುವುದು ಅಪರೂಪ, ಪೇಟೆಗೆ ತಡೆಯೇ ಇಲ್ಲ. ಲೆಕ್ಕ ಹಾಕುವ ಯಂತ್ರಗಳು ಕೈಗೆಟುಕದ ಕಾಲದಲ್ಲಿ ಸಾವಿರಾರು ಹಳ್ಳಿಗಳ ಪಟ್ಟಿ ಹಿಡಿದು ಕೂತವರಿಗೆ ಇದು ಎಷ್ಟು ಹೊರೆ ಇಳಿಸಿತೋ!

ಪುಟ್ಟ ಶಾಲೆಗಳದೊಂದು ತೊಡಕು ಉಳಿಯಿತು. ಕೊಪ್ಪಲು ಬಂದರೆ ಅಲ್ಲಿ ಹತ್ತು ಮಕ್ಕಳೇ ಇಲ್ಲ. ಇರುವ ಆರನ್ನೂ ತೆಗೆದುಕೊಂಡರೂ ಆ ಮಗುವಿನ ಅವಕಾಶ 95ಕ್ಕೆ 6, ತೂಕ 15.8. ಒಂದೆರಡು ಪುಟ್ಟ ಶಾಲೆಗಳು ಅಕಸ್ಮಾತ್ ಬಂದರೆ ಅವುಗಳ ಬೆರಳೆಣಿಕೆಯ ಮಕ್ಕಳೇ ಫಲಿತಾಂಶವನ್ನು ಎಳೆದಾಡುತ್ತಾರೆ. ಇದಕ್ಕೆ ಮದ್ದು, ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳಿಗೆಲ್ಲ ಆಯ್ಕೆಯ ಮಟ್ಟಿಗೆ ಗಾತ್ರ ಹತ್ತು ಎಂದೇ ಬರೆದುಕೊಳ್ಳುವುದು, ಇಲ್ಲವೇ ಅವನ್ನು ಪ್ರತ್ಯೇಕ ಗುಂಪು ಮಾಡಿ ಬೇರೆಯಾಗಿ ಆರಿಸುವುದು. ಕೈಬಿಡುವುದು ಮಾತ್ರ ಮದ್ದಲ್ಲ. ‘ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆ ಬೇಡ’ ಎಂದರೆ ಮಲೆನಾಡಿನ ಒಂಟಿಮನೆಗಳ ನಡುವಿನ ಶಾಲೆಗಳೂ ತಾಂಡಾಗಳ ಶಾಲೆಗಳೂ ಒಂದೇ ಏಟಿಗೆ ಹೊರಬೀಳುತ್ತವೆ.

ಶಾಲೆಯೊಳಗಿನ ಲಾಟರಿಯೂ ಅಷ್ಟೇ ಮುಖ್ಯ. ನಮ್ಮ ಎಷ್ಟೋ ಶಾಲೆಗಳ ಹಾಜರಿ ಪುಸ್ತಕದಲ್ಲಿ ಮೊದಲು ಗಂಡುಮಕ್ಕಳ ಹೆಸರು, ಆಮೇಲೆ ಹೆಣ್ಣುಮಕ್ಕಳ ಹೆಸರು. ‘ಮೊದಲ ಹತ್ತು ನಂಬರ್ ಬನ್ನಿ’ ಎಂದರೆ ಒಬ್ಬ ಹುಡುಗಿಯೂ ಬರುವುದಿಲ್ಲ. ‘ಹತ್ತು ಜನರನ್ನು ಕಳಿಸಿ ಮೇಷ್ಟ್ರೇ’ ಎಂದರೆ ಯಾರು ಬರುತ್ತಾರೆಂದು ಹೇಳಬೇಕಿಲ್ಲ. ಸಂತೆಮಾಳದ 48 ಮಕ್ಕಳಲ್ಲಿ ಹತ್ತು ಬೇಕಾದರೆ ಹೆಜ್ಜೆ 4.8. ಲಾಟರಿಯಲ್ಲಿ ಬಂದ ಶುರು 2.6 ಆದರೆ, 4.8 ಕೂಡಿಸುತ್ತ, ಭಿನ್ನರಾಶಿ ಬಂದಾಗ ಮುಂದಿನ ಪೂರ್ಣಸಂಖ್ಯೆ ಹಿಡಿದರೆ ಹಾಜರಿ ನಂಬರ್ 3, 8, 13, 17, 22, 27, 32, 37, 41, 46. ಪುಸ್ತಕದ ಈ ತುದಿಯಿಂದ ಆ ತುದಿಯವರೆಗೆ ಹರಡಿದ ಹತ್ತು ಹೆಸರುಗಳು. ಹುಡುಗರು ಹುಡುಗಿಯರು ಅವರವರ ಪಾಲಿಗೆ ತಕ್ಕಷ್ಟು ಬರುತ್ತಾರೆ. 22ನೇ ನಂಬರಿನ ಮಗು ಅಂದು ಗೈರುಹಾಜರಿದ್ದರೆ 23ನ್ನು ಕೂರಿಸಬಾರದು. ಗೈರು ಎಂದು ಬರೆಯಬೇಕು. ಪದೇ ಪದೇ ತಪ್ಪಿಸಿಕೊಳ್ಳುವ ಮಗುವೇ ಓದಿನಲ್ಲಿ ಹಿಂದೆ ಬಿದ್ದಿರುವ ಸಂಭವ ಹೆಚ್ಚು. ಅದರ ಜಾಗ ತುಂಬಿದರೆ ಆ ಸುಳಿವೇ ಅಳಿಸಿಹೋಗುತ್ತದೆ.

ನನ್ನನ್ನು ಹೆಚ್ಚು ಕಾಡುವ ತಪ್ಪು ಬೇರೆಯದು, ಏಕೆಂದರೆ ಅದು ಕಣ್ಣಿಗೆ ಕಾಣುವುದೇ ಇಲ್ಲ. ‘ಮೂರು ಸಾವಿರ ಮಕ್ಕಳನ್ನು ಪರೀಕ್ಷಿಸಿದ್ದೇವೆ’ ಎಂಬ ಮಾತು ವರದಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುತ್ತದೆ. ಎಷ್ಟು ಶಾಲೆಗಳಿಂದ ಎಂಬುದು ಕೊನೆಯ ಪುಟದಲ್ಲೆಲ್ಲೋ ಇರುತ್ತದೆ. ಒಂದು ಶಾಲೆಯ ಮಕ್ಕಳು ಪರಸ್ಪರ ಹೋಲುತ್ತಾರೆ. ಅದೇ ಶಿಕ್ಷಕಿ, ಅದೇ ಊರು, ಎರಡು ವರ್ಷ ಖಾಲಿ ಬಿದ್ದಿದ್ದ ಅದೇ ಗಣಿತದ ಹುದ್ದೆ. ಹತ್ತು ಮಕ್ಕಳನ್ನು ಕೇಳಿದ ಮೇಲೆ ಹನ್ನೊಂದನೆಯ ಮಗು ಹೊಸದಾಗಿ ಹೇಳುವುದು ಕಡಿಮೆ. ಈ ಹೋಲಿಕೆಗೆ 0ಯಿಂದ 1ರೊಳಗಿನ ಒಂದು ಅಳತೆಯಿದೆ, ρ ಎಂದು ಬರೆಯುತ್ತಾರೆ. ಮಕ್ಕಳ ನಡುವಿನ ಒಟ್ಟು ಏರುಪೇರಿನಲ್ಲಿ ಶಾಲೆ ಶಾಲೆಗಳ ನಡುವಿನ ಅಂತರದ ಪಾಲು ಎಷ್ಟು ಎಂಬುದನ್ನು ಅದು ಹೇಳುತ್ತದೆ. ಶಾಲೆಗೆ m ಮಕ್ಕಳಂತೆ ಆರಿಸಿದಾಗ ಸ್ಯಾಂಪಲ್ಲಿನ ಬಲ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದಕ್ಕೆ ಲೆಸ್ಲಿ ಕಿಶ್ ಕೊಟ್ಟ ಸೂತ್ರ ಇದು:

1 + (m − 1) × ρ

ρ 0.3 ಎಂದಿಟ್ಟುಕೊಂಡು ನೂರು ಶಾಲೆಗಳಲ್ಲಿ ಮೂವತ್ತು ಮೂವತ್ತರಂತೆ ಮೂರು ಸಾವಿರ ಮಕ್ಕಳನ್ನು ಪರೀಕ್ಷಿಸಿದರೆ 1 + 29 × 0.3 = 9.7. ಅಂದರೆ ಈ ಮೂರು ಸಾವಿರ ಮಕ್ಕಳು ಸ್ವತಂತ್ರವಾಗಿ ಆರಿಸಿದ ಸುಮಾರು 310 ಮಕ್ಕಳಿಗೆ ಸಮ. ಓದಬಲ್ಲವರು ನೂರಕ್ಕೆ 50 ಎಂಬ ಫಲಿತಾಂಶದ ಅನಿಶ್ಚಿತತೆ ಹೆಚ್ಚುಕಡಿಮೆ 1.8 ಎಂದು ವರದಿ ಹೇಳಿದರೆ, ನಿಜದಲ್ಲಿ ಅದು ಹೆಚ್ಚುಕಡಿಮೆ 5.6. ಹೋದ ವರ್ಷ 50 ಇದ್ದದ್ದು ಈ ವರ್ಷ 53 ಆಯಿತೆಂದು ಸಂಭ್ರಮಿಸುವಂತಿಲ್ಲ, 47 ಆಯಿತೆಂದು ಶಿಕ್ಷಕರನ್ನು ದಂಡಿಸುವಂತೆಯೂ ಇಲ್ಲ. ಅದೇ ಮೂರು ಸಾವಿರವನ್ನು 300 ಶಾಲೆಗಳಲ್ಲಿ ಹತ್ತು ಹತ್ತರಂತೆ ಹಂಚಿದ್ದರೆ ಕುಗ್ಗುವುದು 3.7 ಪಟ್ಟು ಮಾತ್ರ, ಅನಿಶ್ಚಿತತೆ ಹೆಚ್ಚುಕಡಿಮೆ 3.4. ಓಡಾಟದ ಖರ್ಚು ಹೆಚ್ಚುತ್ತದೆ, ನಿಜ. ಆದರೂ ಹಣವಿದ್ದರೆ ಮಕ್ಕಳನ್ನಲ್ಲ, ಶಾಲೆಗಳನ್ನು ಹೆಚ್ಚಿಸಬೇಕು ಎಂಬುದೇ ನನ್ನ ಅಭಿಪ್ರಾಯ. ಪಿಸಾ ಪ್ರತಿ ದೇಶದಿಂದ ಕನಿಷ್ಠ 150 ಶಾಲೆಗಳನ್ನು ಕೇಳುವುದು ಇದೇ ಕಾರಣಕ್ಕೆ. ρ ಎಲ್ಲೆಡೆ ಒಂದೇ ಅಲ್ಲ. ಫಿನ್ಲೆಂಡಿನಲ್ಲಿ ಶಾಲೆಗಳ ನಡುವಿನ ಅಂತರದ ಪಾಲು ಹತ್ತರಲ್ಲೊಂದರ ಆಸುಪಾಸು ಇದ್ದರೆ, ಹನ್ನೆರಡರ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುವ ನೆದರ್ಲೆಂಡ್ಸಿನಲ್ಲಿ ಅರ್ಧಕ್ಕೂ ಹೆಚ್ಚು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬುಡದಲ್ಲಿರುವ ಪಟ್ಟಿಯೇ ತಪ್ಪಾಗಿದ್ದರೆ? ನಮ್ಮಲ್ಲಿ ಶಾಲೆಗಳ ಪಟ್ಟಿ ಎಂದರೆ ಯುಡೈಸ್. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಸಂಕೇತ, ಕರ್ನಾಟಕದವು 29ರಿಂದ ಶುರುವಾಗುತ್ತವೆ. ಪಟ್ಟಿಯಲ್ಲಿರುವ ಮಕ್ಕಳ ಸಂಖ್ಯೆ ಯಾವುದೋ ಒಂದು ದಿನದ್ದು. ಬಹುಕಾಲ ಅದು ಸೆಪ್ಟೆಂಬರ್ 30ರದ್ದಾಗಿತ್ತು. ಸಮೀಕ್ಷೆಗೆ ಹೋಗುವುದು ಮುಂದಿನ ವರ್ಷ. ಅಷ್ಟರಲ್ಲಿ ಒಂದು ಶಾಲೆ ಪಕ್ಕದ್ದರೊಂದಿಗೆ ವಿಲೀನವಾಗಿರುತ್ತದೆ, ಇನ್ನೊಂದಕ್ಕೆ ಹೊಸ ತರಗತಿ ಬಂದಿರುತ್ತದೆ. ಹೊಸೂರಿಗೆ ಹೋದಾಗ ಅಲ್ಲಿ 15ರ ಬದಲು 22 ಮಕ್ಕಳಿದ್ದರೆ ಏನು ಮಾಡಬೇಕು? ಆಯ್ಕೆಯಲ್ಲಿ ಬಳಸಿದ್ದು ಹಳೆಯ ಸಂಖ್ಯೆ, ಆದ್ದರಿಂದ ಮೊದಲ ಹಂತದಲ್ಲಿ 95/15 ಹಾಗೆಯೇ ಉಳಿಯಬೇಕು. ಎರಡನೇ ಹಂತದಲ್ಲಿ ಮಾತ್ರ ಇಂದಿನ 22/10. ತೂಕ 9.5 ಅಲ್ಲ, 13.9. ಎರಡೂ ಕಡೆ ಹೊಸ ಸಂಖ್ಯೆ ಹಾಕಿಬಿಡುವುದು ತೀರಾ ಸಾಮಾನ್ಯ ತಪ್ಪು. ಲೆಕ್ಕ ಚೊಕ್ಕವಾಗಿ ಕಾಣುತ್ತದೆ, ಆದರೆ ಹೆಚ್ಚಾದ ಏಳು ಮಕ್ಕಳು ಮಾಯವಾಗಿರುತ್ತಾರೆ.

ಪಟ್ಟಿಯ ದೋಷ ಒಂದು ದೇಶದ ಫಲಿತಾಂಶವನ್ನೇ ನುಂಗಿದ್ದೂ ಉಂಟು. 2015ರ ಪಿಸಾದಲ್ಲಿ ಅರ್ಜೆಂಟೀನ ಭಾಗವಹಿಸಿತ್ತು. ಅಲ್ಲಿನ ಪ್ರೌಢಶಾಲಾ ವ್ಯವಸ್ಥೆ ಪುನರ್ರಚನೆಯಾಗಿತ್ತು, ಆದರೆ ಆಯ್ಕೆಗೆ ಬಳಸಿದ ಪಟ್ಟಿಯಲ್ಲಿ ಸೇರಬೇಕಿದ್ದ ಎಷ್ಟೋ ಶಾಲೆಗಳು ಸೇರಿರಲಿಲ್ಲ. ಮಕ್ಕಳು ಪರೀಕ್ಷೆ ಬರೆದರು, ಉತ್ತರಪತ್ರಿಕೆಗಳ ಮೌಲ್ಯಮಾಪನವೂ ಆಯಿತು. ಆದರೆ ದೇಶದ ಅಂಕವನ್ನು ಬೇರೆ ದೇಶಗಳೊಂದಿಗಾಗಲೀ ತನ್ನದೇ ಹಿಂದಿನ ವರ್ಷಗಳೊಂದಿಗಾಗಲೀ ಹೋಲಿಸುವಂತಿಲ್ಲ ಎಂದು ತೀರ್ಮಾನವಾಯಿತು. ಬ್ಯೂನಸ್ ಐರಿಸ್ ನಗರದ ಪಟ್ಟಿ ಮಾತ್ರ ಸರಿಯಿದ್ದುದರಿಂದ ಅದರ ಫಲಿತಾಂಶ ಉಳಿಯಿತು.

ಪಟ್ಟಿ ಸರಿಯಿದ್ದೂ ಶಾಲೆ ಕೈಕೊಡುವ ಸಂದರ್ಭ ಇನ್ನೊಂದು. ಆರಿಸಿದ ತಾಂಡಾ ಶಾಲೆಗೆ ಹೋದರೆ ಹಳ್ಳ ತುಂಬಿ ಹರಿಯುತ್ತಿದೆ, ಅಥವಾ ಇರುವ ಒಬ್ಬ ಶಿಕ್ಷಕ ತರಬೇತಿಗೆ ಹೋಗಿದ್ದಾರೆ. ತಂಡದವರು ದಾರಿಯಲ್ಲೇ ಸಿಕ್ಕ ಇನ್ನೊಂದು ಶಾಲೆಯಲ್ಲಿ ಕೆಲಸ ಮುಗಿಸುತ್ತಾರೆ. ಸಂಖ್ಯೆ ತುಂಬಿತು. ಆದರೆ ಹಳ್ಳ ದಾಟಬೇಕಾದ ಶಾಲೆಯೊಂದು ರಸ್ತೆ ಬದಿಯ ಶಾಲೆಯಾಗಿ ಬದಲಾಯಿತು, ಮತ್ತು ಈ ಬದಲಾವಣೆ ಯಾವಾಗಲೂ ಒಂದೇ ದಿಕ್ಕಿನಲ್ಲಿ ಆಗುತ್ತದೆ. ಟಿಮ್ಸ್‌ನಲ್ಲಿ ಬದಲಿ ಶಾಲೆಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಪ್ರದೇಶ, ಶಾಲೆಯ ಬಗೆ, ಗಾತ್ರ ಹೀಗೆ ಜೋಡಿಸಿದ ಪಟ್ಟಿಯಲ್ಲಿ ಆರಿಸಿದ ಶಾಲೆಯ ಹಿಂದೆ ಮುಂದೆ ಇರುವವೇ ಬದಲಿಗಳು. ಸ್ಥಳದಲ್ಲಿ ಯಾರಿಗೂ ಆಯ್ಕೆಯಿಲ್ಲ. ಬದಲಿಗೂ ಮಿತಿಯಿದೆ. 2003ರ ಪಿಸಾದಲ್ಲಿ ಬ್ರಿಟನ್ನಿನ ಸಾಕಷ್ಟು ಶಾಲೆಗಳು ಒಪ್ಪದೇ ಹೋದದ್ದರಿಂದ ಅದನ್ನು ದೇಶಗಳ ಹೋಲಿಕೆಯಿಂದ ಹೊರಗಿಡಲಾಯಿತು. ಇಂಥ ದೋಷವನ್ನು ಹಿಡಿಯಲು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡಬೇಕು: ಆರಿಸಿದ ಶಾಲೆಗಳು, ನಿಜವಾಗಿ ಹೋದ ಶಾಲೆಗಳು. ಸರಾಸರಿ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಡಾಂಬರು ರಸ್ತೆಗೆ ಇರುವ ದೂರ ಇವು ಎರಡರಲ್ಲೂ ಒಂದೇ ಬಗೆಯಲ್ಲಿ ಇವೆಯೇ ಎಂದು ನೋಡಿದರೆ ಸಾಕು.

ಶಾಲೆಯ ಪಟ್ಟಿಯಿಂದ ಹೊರಟ ಸಮೀಕ್ಷೆಗೆ ಶಾಲೆಗೇ ಬಾರದ ಮಗು ಸಿಗುವುದಿಲ್ಲ. 2005ರಲ್ಲಿ ‘ಪ್ರಥಮ್’ ಸಂಸ್ಥೆ ಶುರುಮಾಡಿದ ‘ಅಸರ್’ ಸಮೀಕ್ಷೆ ಆ ಕಾರಣಕ್ಕೇ ಮನೆಬಾಗಿಲಿಗೆ ಹೋಯಿತು. ಪ್ರತಿ ಗ್ರಾಮೀಣ ಜಿಲ್ಲೆಯಲ್ಲಿ 30 ಹಳ್ಳಿ, ಹಳ್ಳಿಗೆ 20 ಮನೆ. ಹಳ್ಳಿಯನ್ನು ಆರಿಸುವುದು ಗಾತ್ರಕ್ಕೆ ತಕ್ಕ ಅವಕಾಶದಿಂದ; ಆಮೇಲೆ ಎಲ್ಲ ಹಳ್ಳಿಯಲ್ಲೂ ಅಷ್ಟೇ ಮನೆಗಳು. ಹೊಸೂರು, ಸಂತೆಮಾಳದಲ್ಲಿ ನಾವು ಮಾಡಿದ ಲೆಕ್ಕವೇ ಇದು, ಶಾಲೆಯ ಜಾಗದಲ್ಲಿ ಹಳ್ಳಿ, ಮಗುವಿನ ಜಾಗದಲ್ಲಿ ಮನೆ. ಸ್ವಯಂಸೇವಕರು ಊರಿನ ನಕ್ಷೆ ಬರೆದು ನಾಲ್ಕು ಭಾಗ ಮಾಡಿ, ಪ್ರತಿ ಭಾಗದಲ್ಲಿ ಐದನೇ ಐದನೇ ಮನೆಯಂತೆ ಐದು ಮನೆ ಹಿಡಿಯುತ್ತಾರೆ. ಸರ್ಕಾರಿ ಶಾಲೆಯ ಮಗು, ಖಾಸಗಿ ಶಾಲೆಯ ಮಗು, ಶಾಲೆ ಬಿಟ್ಟ ಮಗು ಎಲ್ಲರೂ ಒಂದೇ ಜಗುಲಿಯಲ್ಲಿ ಸಿಗುತ್ತಾರೆ. ಪಟ್ಟಣ ಇದರಲ್ಲಿಲ್ಲ ಎಂಬುದು ಒಂದು ಮಿತಿ. ಇನ್ನೊಂದು ಮಿತಿಯನ್ನು ಕಲ್ಯಾಣ ಕರ್ನಾಟಕದವರು ಬಲ್ಲರು. ಸುಗ್ಗಿ ಮುಗಿದ ಮೇಲೆ ಸಂಸಾರ ಸಮೇತ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಆ ಮನೆಯ ಮಗು ಊರಿನ ಹಾಜರಿ ಪುಸ್ತಕದಲ್ಲಿ ಹೆಸರಾಗಿ ಇರುತ್ತದೆ, ಕೂತಿರುವುದು ಬೆಂಗಳೂರಿನದೋ ಪುಣೆಯದೋ ಕಟ್ಟಡ ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ. ಶಾಲೆಯ ಪಟ್ಟಿ, ಮನೆಯ ಪಟ್ಟಿ ಎರಡೂ ಅದನ್ನು ತಲುಪುವುದಿಲ್ಲ. ಆ ಭಾಗದ ಸಮೀಕ್ಷೆಯ ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದು ಯಾವ ತಿಂಗಳಲ್ಲಿ ನಡೆಯಿತು, ಬೀಗ ಬಿದ್ದ ಮನೆಗಳನ್ನು ಎಣಿಸಿ ಬರೆದಿದ್ದಾರೆಯೇ ಎಂದು.